ಒಂದೇ ಟ್ಯೂಬಿನ ತಪ್ಪು ಇಡೀ ಗೆರೆಯನ್ನು ಎಳೆದಾಗ

ರಾಯಚೂರಿನಲ್ಲಿ ನಮ್ಮ ವಿದ್ಯಾರ್ಥಿಗಳು ಕಿಣ್ವದ ಪ್ರಯೋಗಕ್ಕೆ ಮೊಳಕೆ ಕಟ್ಟಿದ ಹೆಸರುಕಾಳನ್ನೇ ತರುತ್ತಾರೆ. ಅದನ್ನು ತಣ್ಣನೆಯ ಬಫರಿನಲ್ಲಿ ಅರೆದು ಸೋಸಿದರೆ ಆಸಿಡ್ ಫಾಸ್ಫಟೇಸ್ ಸಿಗುತ್ತದೆ. ಸಬ್‌ಸ್ಟ್ರೇಟಾಗಿ ಪ್ಯಾರಾ-ನೈಟ್ರೊಫಿನೈಲ್ ಫಾಸ್ಫೇಟ್ ಬೆರೆಸಿ, ಹೊತ್ತು ನೋಡಿ ಕ್ಷಾರ ಹಾಕಿ ನಿಲ್ಲಿಸಿದಾಗ ಬರುವ ಹಳದಿ ಬಣ್ಣವನ್ನು 405 ನ್ಯಾನೊಮೀಟರಿನಲ್ಲಿ ಅಳೆಯಬೇಕು. ಬೇಸಿಗೆಯಲ್ಲಿ ಇಲ್ಲಿ ಬೆಳಗಿನ ಕೋಣೆಗೂ ಮಧ್ಯಾಹ್ನದ ಕೋಣೆಗೂ ಅಜಗಜಾಂತರ. ಹಾಗಾಗಿ ಎಲ್ಲ ಟ್ಯೂಬುಗಳೂ ಒಂದೇ ವಾಟರ್ ಬಾತಿನಲ್ಲಿರಲಿ.

ಮೊದಲು ಆರಂಭಿಕ ವೇಗ. ಸಬ್‌ಸ್ಟ್ರೇಟಿನ ಶೇ 10ಕ್ಕಿಂತ ಕಡಿಮೆ ಖರ್ಚಾಗಿರುವಾಗಲೇ ಅಳೆಯಬೇಕು. 0.1 ಮಿಲಿಮೋಲಾರ್ ಟ್ಯೂಬಿನಲ್ಲಿ ವೇಗ ನಿಮಿಷಕ್ಕೆ 1.4 ಮೈಕ್ರೊಮೋಲಾರ್ ಇದ್ದರೆ, 5 ನಿಮಿಷಕ್ಕೆ ಶೇ 7 ಮುಗಿಯುತ್ತದೆ; 10 ನಿಮಿಷ ಬಿಟ್ಟರೆ ಶೇ 14 ಆಗಿ ವೇಗ ಕಡಿಮೆ ತೋರುತ್ತದೆ.

ಈಗ ಲೆಕ್ಕ. ಕಿಣ್ವದ ಗರಿಷ್ಠ ವೇಗವೇ ವಿಮ್ಯಾಕ್ಸ್, ಅದರ ಅರ್ಧ ವೇಗ ಕೊಡುವ ಸಬ್‌ಸ್ಟ್ರೇಟ್ ಸಾಂದ್ರತೆಯೇ ಕೆಎಂ. ನಿಜವಾದ ಕೆಎಂ 0.5, ವಿಮ್ಯಾಕ್ಸ್ 10 ಎಂದು ಮೊದಲೇ ಇಟ್ಟುಕೊಂಡು, ಅಳತೆಯ ಸಣ್ಣಪುಟ್ಟ ತಪ್ಪು ಸೇರಿಸಿ ಈ ಅಂಕಿಗಳನ್ನು ಬರೆದಿದ್ದೇನೆ. ಮಿಲಿಮೋಲಾರಿನಲ್ಲಿ ಸಾಂದ್ರತೆ S 0.1, 0.2, 0.5, 1, 2, 4; ನಿಮಿಷಕ್ಕೆ ಮೈಕ್ರೊಮೋಲಾರಿನಲ್ಲಿ ವೇಗ v 1.4, 2.9, 5.0, 6.6, 8.1, 8.9. ಮೊದಲನೆಯದು 1.67 ಇರಬೇಕಿತ್ತು.

1934ರಲ್ಲಿ ಲೈನ್‌ವೀವರ್ ಮತ್ತು ಬರ್ಕ್ ತೋರಿಸಿದಂತೆ ಎರಡನ್ನೂ ತಿರುವಿಹಾಕಿ, 1/S ಎದುರು 1/v ಗುರುತಿಸಿ ನೇರ ಗೆರೆ ಎಳೆಯಿರಿ. ಗೆರೆ ಲಂಬ ಅಕ್ಷವನ್ನು 0.0843ರಲ್ಲಿ ಕಡಿಯುತ್ತದೆ, ಇಳಿಜಾರು 0.0608. ಅಂದರೆ ವಿಮ್ಯಾಕ್ಸ್ 1/0.0843 = 11.9, ಕೆಎಂ 0.0608 × 11.9 = 0.72. ಕೆಎಂ ಶೇ 40ಕ್ಕೂ ಮೀರಿ ಹೆಚ್ಚಾಯಿತು!

ಕಾರಣ ತಿರುವುವುದರಲ್ಲೇ ಇದೆ. ಮೊದಲ ಟ್ಯೂಬಿನ 0.27ರ ತಪ್ಪು 1/v ಅನ್ನು 0.60ರಿಂದ 0.71ಕ್ಕೆ ಏರಿಸುತ್ತದೆ. ಅದೇ ತಪ್ಪು ಕೊನೆಯ ಟ್ಯೂಬಿನಲ್ಲಾಗಿದ್ದರೆ 1/v 0.0035ರಷ್ಟು ಮಾತ್ರ ಸರಿಯುತ್ತಿತ್ತು. ಅಳೆಯಲು ಅತಿ ಕಷ್ಟವಾದ, ಬಣ್ಣ ತೀರ ತೆಳುವಾದ ಟ್ಯೂಬಿನ ಕೈಗೇ ಗೆರೆಯ ಲಗಾಮು ಸಿಕ್ಕಂತಾಯಿತು.

ಹಾಗಾಗಿ ತಿರುವದೆ, ವಕ್ರರೇಖೆಯನ್ನೇ ನೇರವಾಗಿ ಹೊಂದಿಸಿ. ಎಕ್ಸೆಲ್ ಸಾಕು. A2ರಿಂದ A7ರವರೆಗೆ ಸಾಂದ್ರತೆ, B2ರಿಂದ B7ರವರೆಗೆ ವೇಗ, F1ರಲ್ಲಿ 11.9, F2ರಲ್ಲಿ 0.72 ಬರೆಯಿರಿ. ಹಳೆಯ ಗೆರೆ ಇಲ್ಲಿ ಮೊದಲ ಅಂದಾಜಾಗಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. C2ರಲ್ಲಿ ಮೊದಲ ಸೂತ್ರ ಹಾಕಿ C7ರವರೆಗೆ ಎಳೆಯಿರಿ, ಎರಡನೆಯದನ್ನು F3ರಲ್ಲಿ ಹಾಕಿ:

```
=$F$1*A2/($F$2+A2)
=SUMXMY2(B2:B7,C2:C7)
```

ಸಾಲ್ವರ್ ತೆರೆದು, F1 ಮತ್ತು F2 ಬದಲಿಸುತ್ತ, B ಮತ್ತು C ಅಂತರಗಳ ವರ್ಗಗಳ ಮೊತ್ತವಾದ F3 ಅನ್ನು ಕನಿಷ್ಠಕ್ಕೆ ಇಳಿಸಲು ಹೇಳಿ. ವಿಮ್ಯಾಕ್ಸ್ 10.1, ಕೆಎಂ 0.52 ಬರುತ್ತದೆ.

ಇಷ್ಟಕ್ಕೇ ಫೈಲು ಮುಚ್ಚಬೇಡಿ. B ಮತ್ತು C ಕಾಲಮ್ಮುಗಳ ಅಂತರ ನೋಡಿ. ಐದು ಟ್ಯೂಬುಗಳಲ್ಲಿ ಅಂತರ ಸುಮಾರು 0.1ರ ಒಳಗಿದೆ, ಮೊದಲನೆಯದು ಮಾತ್ರ 0.2ಕ್ಕಿಂತ ಹೆಚ್ಚು ಕೆಳಗಿದೆ. ನೇರ ಗೆರೆಯಲ್ಲಿ ಇದು ಕಾಣುವುದೇ ಇಲ್ಲ, ಗೆರೆ ಆ ಬಿಂದುವಿಗೇ ಅಂಟಿಕೊಂಡಿರುತ್ತದೆ. ಬದಲಿಗೆ ನೀವು ಚೆನ್ನಾಗಿ ಅಳೆದ 4 ಮಿಲಿಮೋಲಾರ್ ಟ್ಯೂಬಿಗೆ ಅದು 8.9ರ ಬದಲು 10 ಎನ್ನುತ್ತದೆ.

ಸಾಲ್ವರಿಗೂ ಮಿತಿಯಿದೆ. ಸಾಂದ್ರತೆಗಳೆಲ್ಲ ಕೆಎಂಗಿಂತ ಕೆಳಗೇ ಇದ್ದರೆ ವಿಮ್ಯಾಕ್ಸ್ ಎಲ್ಲಿದೆಯೆಂದು ಯಾವ ವಿಧಾನವೂ ಖಚಿತವಾಗಿ ಹೇಳಲಾರದು. ವೇಗ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದ್ದರೆ ಬಿಂದುಗಳಿಗೆ ತೂಕ ಕೊಟ್ಟು ಹೊಂದಿಸಬೇಕು. ಪ್ರತಿ ಸಾಂದ್ರತೆಗೆ ಮೂರು ಟ್ಯೂಬು ಇಟ್ಟರೆ ಅದು ಗೊತ್ತಾಗುತ್ತದೆ. ಇಲ್ಲಿ ಮಾತ್ರ ಮೊದಲು ಆಗಬೇಕಾದ ಕೆಲಸ, 0.1ರ ಟ್ಯೂಬನ್ನು ಹೊಸದಾಗಿ ಅಳೆಯುವುದು.