ಎರಡು ಹೆಜ್ಜೆಯ ರಾಬಿನ್ಸನ್: ವೀಲಾಂಡ್–ಮೀಷರ್ ಕೀಟೋನ್ ಮಾಡಿದ ನನ್ನ ಅನುಭವ

ಕಳೆದ ವಾರ ಫ್ರಿಜ್‌ನಿಂದ ಫ್ಲಾಸ್ಕ್ ತೆಗೆದಾಗ ತಳದಲ್ಲಿ ಬಿಳಿ ಹರಳುಗಳು ದಪ್ಪಗೆ ಕೂತಿದ್ದವು. ಸೋಸಿ, ಒಣಗಿಸಿ, ತೂಗಿದೆ. ಸುಮಾರು 35 ಗ್ರಾಂ. ಕೈರಲ್ ಎಚ್‌ಪಿಎಲ್‌ಸಿಯಲ್ಲಿ ಒಂದೇ ಪೀಕ್, ಎರಡನೆಯದು ಹುಡುಕಿದರೂ ಸಿಗಲಿಲ್ಲ. ಕಾಲಮ್ ಹಾಕದೆ, ದುಬಾರಿ ಕ್ಯಾಟಲಿಸ್ಟ್ ಇಲ್ಲದೆ, ಬರೀ ಎಲ್-ಪ್ರೋಲಿನ್‌ನಲ್ಲಿ ಇದು ಬಂತು. 'ಹೆಜ್ಜೆ ಬೇರೆ ಮಾಡಿದರೆ ಈಲ್ಡ್ ಹೋಗುತ್ತೆ, ಸುಮ್ನೆ ಒಂದೇ ಪಾಟ್‌ನಲ್ಲಿ ಮುಗಿಸು' ಎಂದು ಮೂರು ತಿಂಗಳು ಹೇಳಿದ್ದ ಸೀನಿಯರ್ ಈಗ ಅವರೇ ಬಂದು ಪ್ರೊಸೀಜರ್ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಿಯಾಕ್ಷನ್ ನಿಮಗೆಲ್ಲ ಗೊತ್ತು. 2-ಮೀಥೈಲ್-1,3-ಸೈಕ್ಲೋಹೆಕ್ಸೇನ್‌ಡೈಓನ್ ಮತ್ತು ಮೀಥೈಲ್ ವಿನೈಲ್ ಕೀಟೋನ್, ಅಂದರೆ ಎಂವಿಕೆ. ಮೊದಲು ಮೈಕಲ್, ಟ್ರೈಕೀಟೋನ್ ಬರುತ್ತದೆ. ಆಮೇಲೆ ಅದರ ಬಾಲದ ತುದಿಯ ಮೀಥೈಲ್ ಉಂಗುರದ ಕಾರ್ಬೊನಿಲ್‌ಗೆ ಹೋಗಿ ಕೂರುತ್ತದೆ, ನೀರು ಹೋಗುತ್ತದೆ, ಎರಡನೇ ಆರರ ಉಂಗುರ ಸಿದ್ಧ. ಬೋರ್ಡ್ ಮೇಲೆ ಎರಡು ಬಾಣದಲ್ಲಿ ಮುಗಿಯುತ್ತದೆ. ಫ್ಲಾಸ್ಕ್‌ನಲ್ಲಿ ನನಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಸೀನಿಯರ್ ಹೇಳಿದ ಮಾತು ಕೇಳಿದೆ. ಮೆಥನಾಲ್‌ನಲ್ಲಿ ಕೆಒಎಚ್ ಹಾಕಿ, ಎಂವಿಕೆ ಸುರಿದು, ರಿಫ್ಲಕ್ಸ್ ಮಾಡಿದೆ. ಒಂದು ಗಂಟೆಯಲ್ಲೇ ಕಾಫಿ ಬಣ್ಣ, ಸಂಜೆ ಹೊತ್ತಿಗೆ ಡಾಂಬರು. ಎಂವಿಕೆ ಬೇಸ್‌ನಲ್ಲಿ ತನ್ನಷ್ಟಕ್ಕೆ ತಾನೇ ಪಾಲಿಮರ್ ಆಗುವುದು ಗೊತ್ತೇ ಇದೆ, ಅದಕ್ಕೆ ಬೇಸ್ ಕಡಿಮೆ ಮಾಡಿದೆ. ಬಣ್ಣ ಸುಧಾರಿಸಿತು, ಈಲ್ಡ್ ಸುಧಾರಿಸಲಿಲ್ಲ. ಅರ್ಧ ಮಾಲು ಎಲ್ಲಿ ಹೋಗುತ್ತಿದೆ ಎಂಬುದೇ ತಿಳಿಯಲಿಲ್ಲ.

ಕೊನೆಗೆ ವರ್ಕಪ್‌ನಲ್ಲಿ ಚೆಲ್ಲುತ್ತಿದ್ದ ನೀರಿನ ಪದರವನ್ನು ಒಂದು ದಿನ ಆಸಿಡ್ ಮಾಡಿ ಎಕ್ಸ್‌ಟ್ರಾಕ್ಟ್ ಮಾಡಿದೆ. ಅಲ್ಲಿತ್ತು ಉತ್ತರ. ಮಾಸ್ 214. ಟ್ರೈಕೀಟೋನ್ 196, ಅದಕ್ಕೆ ನೀರು ಸೇರಿದರೆ 214. ಆರ್ಗಾನಿಕ್ ಪದರದಲ್ಲೂ 228 ಇತ್ತು, ಅಂದರೆ ಮೆಥನಾಲ್ ಸೇರಿದ್ದು. ಟ್ರೈಕೀಟೋನ್‌ನಲ್ಲಿ ಎರಡು ಕಾರ್ಬೊನಿಲ್ ನಡುವಿನ ಕಾರ್ಬನ್‌ಗೆ ಹೈಡ್ರೋಜನ್ ಇಲ್ಲ, ಹಾಗಾಗಿ ಅದು ಈನೋಲೇಟ್ ಆಗಿ ತಪ್ಪಿಸಿಕೊಳ್ಳಲಾರದು. ಹೈಡ್ರಾಕ್ಸೈಡ್ ನೇರವಾಗಿ ಕಾರ್ಬೊನಿಲ್‌ಗೆ ಬಡಿದು ಉಂಗುರವನ್ನೇ ಬಿಚ್ಚಿಬಿಡುತ್ತದೆ. ರೆಟ್ರೋ-ಕ್ಲೈಸನ್. ನಾನು ಉಂಗುರ ಕಟ್ಟಲು ಹಾಕಿದ ಬೇಸ್ ಇದ್ದ ಉಂಗುರವನ್ನು ಒಡೆಯುತ್ತಿತ್ತು. ನಿಮಗೂ ಮಾಲು ಕಾಣೆಯಾಗುತ್ತಿದ್ದರೆ ಮೊದಲು ಆ ನೀರನ್ನು ನೋಡಿ.

ಅಲ್ಲಿಗೆ ತೀರ್ಮಾನ ಮಾಡಿದೆ. ಮೈಕಲ್‌ಗೆ ಬೇಸ್ ಬೇಡವೇ ಬೇಡ. ಈ ಡೈಓನ್ ತಾನೇ ಸಾಕಷ್ಟು ಆಸಿಡಿಕ್, ಈನೋಲ್ ರೂಪದಲ್ಲೇ ಇರುತ್ತದೆ. ನೀರಲ್ಲಿ ಸ್ವಲ್ಪ ಅಸಿಟಿಕ್ ಆಸಿಡ್ ಸಾಕು. ಇದು ನಾನು ಕಂಡುಹಿಡಿದದ್ದಲ್ಲ, ಹಳೇ ದಾರಿ. ಆದರೆ ನಮ್ಮಲ್ಲಿ ಯಾರೂ ನಂಬಿ ಮಾಡಿರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಡೈಓನ್ 63 ಗ್ರಾಂ, ಅಂದರೆ ಅರ್ಧ ಮೋಲ್. ನೀರು 150 ಮಿ.ಲೀ. ಅಸಿಟಿಕ್ ಆಸಿಡ್ ಒಂದೂವರೆ ಮಿ.ಲೀ. ಹೈಡ್ರೋಕ್ವಿನೋನ್ ಅರ್ಧ ಗ್ರಾಂ, ಎಂವಿಕೆ ಪಾಲಿಮರ್ ಆಗದಿರಲು. ಡೈಓನ್ ನೀರಲ್ಲಿ ಕರಗುವುದಿಲ್ಲ, ಗಂಜಿಯ ಹಾಗೆ ತಿರುಗುತ್ತಿರುತ್ತದೆ, ಚಿಂತೆ ಬೇಡ. ನೈಟ್ರೋಜನ್ ಅಡಿಯಲ್ಲಿ ಎಂವಿಕೆ ಹಾಕಿ 70ರಿಂದ 75 ಡಿಗ್ರಿಯಲ್ಲಿ ನಾಲ್ಕು ಗಂಟೆ. ರಿಯಾಕ್ಷನ್ ಮುಂದುವರಿದ ಹಾಗೆ ಗಂಜಿ ಹೋಗಿ ಎಣ್ಣೆ ಬರುತ್ತದೆ. ಕಣ್ಣಲ್ಲೇ ತಿಳಿಯುತ್ತದೆ.

ದುಡ್ಡಿನ ಮಾತು ಇಲ್ಲಿ ಬರಬೇಕು. ಹಳೇ ಪ್ರೊಸೀಜರ್‌ನಲ್ಲಿ ಎಂವಿಕೆ ಎರಡು ಈಕ್ವಿವಲೆಂಟ್. ನಮ್ಮ ಪಟ್ಟಿಯಲ್ಲಿ ಡೈಓನ್ ಬಿಟ್ಟರೆ ದುಬಾರಿ ಅದೇ, ಜೊತೆಗೆ ಬಾಟಲ್ ತೆರೆದ ಮೇಲೆ ಬಾಳಿಕೆ ಕಡಿಮೆ. ನಾನು ಕಡಿಮೆ ಮಾಡುತ್ತಾ ಬಂದು 1.4ಕ್ಕೆ ನಿಂತೆ, ಈ ಸ್ಕೇಲಿಗೆ ಸುಮಾರು 57 ಮಿ.ಲೀ. ಆದರೆ ಒಂದು ಷರತ್ತು: ಅದೇ ದಿನ ಡಿಸ್ಟಿಲ್ ಮಾಡಿದ್ದಾಗಿರಬೇಕು. ಹಳೇ ಬಾಟಲ್‌ನಿಂದ ನೇರ ಹಾಕಿದಾಗ ಎರಡು ಈಕ್ವಿವಲೆಂಟ್ ಇದ್ದರೂ ಡೈಓನ್ ಉಳಿಯಿತು. ಸುರಿಯುವಾಗ ದಪ್ಪಗೆ ಇಳಿದರೆ ಅದು ಅರ್ಧ ಪಾಲಿಮರ್ ಎಂದೇ ಲೆಕ್ಕ. ಡಿಸ್ಟಿಲೇಷನ್ ಪೂರ್ತಿ ಹುಡ್ ಒಳಗೇ ಆಗಬೇಕು. ಎಂವಿಕೆ ಬರೀ ಕಣ್ಣುರಿಸುವ ವಸ್ತುವಲ್ಲ, ಉಸಿರಿಗೂ ಚರ್ಮಕ್ಕೂ ತೀರಾ ವಿಷ. ಈ ವಿಷಯದಲ್ಲಿ ನಾನು ಯಾರ ಅವಸರಕ್ಕೂ ಸೊಪ್ಪು ಹಾಕುವುದಿಲ್ಲ.

ಟಿಎಲ್‌ಸಿಯಲ್ಲಿ ಒಂದು ಮೋಸ ಇದೆ. ಡೈಓನ್ ಯುವಿಯಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಟ್ರೈಕೀಟೋನ್ ಕಾಣುವುದೇ ಇಲ್ಲ ಎನ್ನಬಹುದು. ಹಾಗಾಗಿ ಯುವಿ ನಂಬಿದರೆ ಎಂದಿಗೂ ಮುಗಿಯದ ರಿಯಾಕ್ಷನ್ ಅನಿಸುತ್ತದೆ. ಆನಿಸಾಲ್ಡಿಹೈಡ್‌ನಲ್ಲಿ ಅದ್ದಿ ಬಿಸಿ ಮಾಡಿ ನೋಡಿ. ಉಳಿದ ಡೈಓನ್‌ಗೆ ಕಾಲಮ್ ಬೇಡ, ಈಥೈಲ್ ಅಸಿಟೇಟ್‌ಗೆ ತೆಗೆದು ಬೈಕಾರ್ಬೊನೇಟ್‌ನಲ್ಲಿ ತೊಳೆದರೆ ನೀರಿಗೆ ಹೋಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಮಾತ್ರ ಮುಟ್ಟಬೇಡಿ, ಮೇಲೆ ಹೇಳಿದ ಕತೆ ಮತ್ತೆ ಶುರುವಾಗುತ್ತದೆ. ರೋಟಾದಲ್ಲಿ ಸಾಲ್ವೆಂಟ್ ತೆಗೆದು, ಪಂಪ್ ಹಚ್ಚಿ ಎಂವಿಕೆ ವಾಸನೆ ಹೋಗುವಂತೆ ಮಾಡಿದರೆ ತಿಳಿ ಹಳದಿ ಎಣ್ಣೆ 92 ಗ್ರಾಂ ಆಸುಪಾಸು. ಲೆಕ್ಕದ ಪ್ರಕಾರ 98 ಬರಬೇಕು. ಎರಡು ಹೆಜ್ಜೆ ಮಾಡಿದರೆ ಈಲ್ಡ್ ಹೋಗುತ್ತೆ ಅಂದವರಿಗೆ ನಾನು ತೋರಿಸಿದ್ದು ಈ ಫ್ಲಾಸ್ಕನ್ನೇ.

ಈಗ ಆಲ್ಡಾಲ್. ಇಲ್ಲೂ ಒಮ್ಮೆ ಬಿದ್ದೆ. ಬೇಗ ಮುಗಿಯಲಿ ಎಂದು ಒಂದು ಬ್ಯಾಚ್‌ಗೆ ಪಿಪೆರಿಡೀನ್ ಅಸಿಟೇಟ್ ಹಾಕಿದೆ. ಎರಡು ದಿನದ ಮೇಲೂ ಮಾಸ್ 196. ರಿಯಾಕ್ಷನ್ ಆಗಿಲ್ಲ ಎಂದು ಇನ್ನಷ್ಟು ಹಾಕಿದೆ, ಬಿಸಿ ಮಾಡಿದೆ, ಮತ್ತೆ 196. ಎನ್‌ಎಂಆರ್ ತೆಗೆದಾಗ 2.1ರ ಬಳಿಯ ಮೀಥೈಲ್ ಕೀಟೋನ್ ಸಿಂಗ್ಲೆಟ್ ಬಹುಪಾಲು ಮಾಯ. ಬದಲಿಗೆ 1.3 ಹತ್ತಿರ ಹೊಸ ಮೀಥೈಲ್. ವಿನೈಲ್ ಪ್ರೋಟಾನ್ ಇಲ್ಲವೇ ಇಲ್ಲ. ರಿಯಾಕ್ಷನ್ ಆಗಿತ್ತು, ಬೇರೆ ದಿಕ್ಕಿನಲ್ಲಿ! ಬಾಲದ ಮೀಥೈಲ್ ಉಂಗುರಕ್ಕೆ ಹೋಗುವ ಬದಲು ಉಂಗುರದ CH₂ ಬಾಲದ ಕೀಟೋನ್‌ಗೆ ಹೋಗಿ ಸೇತುವೆ ಕಟ್ಟಿತ್ತು. ಬೈಸೈಕ್ಲೋ[3.3.1] ಕೀಟೋಲ್. ಅದೂ ಆರರ ಉಂಗುರವೇ, ಅದಕ್ಕೇ ಅದಕ್ಕೂ ಆಸೆ. ಅಲ್ಲಿಂದ ನೀರು ತೆಗೆದು ಈನೋನ್ ಮಾಡೋಣ ಅಂದರೆ ಡಬಲ್ ಬಾಂಡ್ ಬ್ರಿಡ್ಜ್‌ಹೆಡ್‌ನಲ್ಲಿ ಬರಬೇಕು, ಅದು ಆಗದ ಮಾತು. ಮಾಸ್ ಒಂದೇ ಇರುವುದರಿಂದ ಎಲ್‌ಸಿಎಂಎಸ್ ಒಂದನ್ನೇ ನಂಬಿದರೆ ಇದು ಸಿಕ್ಕಿಬೀಳುವುದಿಲ್ಲ.

ಪ್ರೋಲಿನ್‌ನಲ್ಲಿ ಆ ತೊಂದರೆ ನನಗೆ ಬರಲಿಲ್ಲ. ಟ್ರೈಕೀಟೋನ್ 92 ಗ್ರಾಂ, ಡಿಎಂಎಸ್‌ಒ 450 ಮಿ.ಲೀ., ಎಲ್-ಪ್ರೋಲಿನ್ ಎರಡೂಕಾಲು ಗ್ರಾಂ, ಸುಮಾರು ನಾಲ್ಕು ಮೋಲ್ ಪರ್ಸೆಂಟ್. ರೂಮ್ ಟೆಂಪರೇಚರ್, ಐದು ದಿನ. ಪ್ರೋಲಿನ್ ಜಾಸ್ತಿ ಹಾಕಿದರೆ ಎರಡು ದಿನಕ್ಕೆ ಮುಗಿಯಿತು, ಆದರೆ ಇಇ ಅಷ್ಟೇ. 50 ಡಿಗ್ರಿಗೆ ಬಿಸಿ ಮಾಡಿದಾಗ ಇಇ ಇಳಿಯಿತು. ಹಾಗಾಗಿ ಕಾಯುವುದೇ ಲಾಭ. ಕೊನೆಯಲ್ಲಿ ಸ್ವಲ್ಪ ನೀರು ಹೋಗದ ಕೀಟೋಲ್ ಉಳಿದರೆ ಟಾಲ್ಯೀನ್‌ನಲ್ಲಿ ಚಿಟಿಕೆ ಪಿಟಿಎಸ್‌ಎ ಹಾಕಿ ಡೀನ್–ಸ್ಟಾರ್ಕ್‌ನಲ್ಲಿ ಒಂದು ಗಂಟೆ ಇಡುತ್ತೇನೆ. 5.85ರಲ್ಲಿ ಒಂದು ವಿನೈಲ್ ಪ್ರೋಟಾನ್, 1.45ರಲ್ಲಿ ಕೋನದ ಮೀಥೈಲ್ ಬಂದರೆ ಗೆದ್ದಂತೆ. ಡಿಎಂಎಸ್‌ಒ ತೊಳೆಯುವುದಕ್ಕೆ ಮಾತ್ರ ಲೀಟರ್‌ಗಟ್ಟಲೆ ಸಾಲ್ವೆಂಟ್ ಹೋಗುತ್ತದೆ. ನನ್ನ ಖರ್ಚಿನಲ್ಲಿ ದೊಡ್ಡ ಪಾಲು ಈಗ ಇದೇ.

ಸಣ್ಣ ಸಿಲಿಕಾ ಪ್ಯಾಡ್ ದಾಟಿಸಿದ ಕ್ರೂಡ್ 62 ಗ್ರಾಂ, ಇಇ 70ರ ಹತ್ತಿರ. ಐದರ ಉಂಗುರದ ಹಾಯೋಸ್–ಪ್ಯಾರಿಷ್ ಕೀಟೋನ್‌ಗೆ ಪ್ರೋಲಿನ್ 90ರ ಮೇಲೆ ಕೊಡುತ್ತದೆ, ಆರಕ್ಕೆ ಕೊಡುವುದಿಲ್ಲ. ಎಲ್ಲರೂ ಪ್ರೋಲಿನ್ ಬಿಡುವುದು ಇದೇ ಕಾರಣಕ್ಕೆ. ದುಬಾರಿ ಕ್ಯಾಟಲಿಸ್ಟ್ ತರಿಸು ಎಂದು ನನಗೂ ಹೇಳಿದರು. ನಾನು ಹರಳು ಕಟ್ಟಿಸುತ್ತೇನೆ ಎಂದೆ.

ಒಣ ಈಥರ್‌ನಲ್ಲಿ ಕರಗಿಸಿ, ನಿಧಾನಕ್ಕೆ ತಣ್ಣಗೆ ಮಾಡುತ್ತಾ, ಶುದ್ಧ ಎಸ್ ಕೀಟೋನ್‌ನ ಪುಡಿಯನ್ನು ಸೀಡ್ ಆಗಿ ಹಾಕಿ, ಮೈನಸ್ 20ರಲ್ಲಿ ರಾತ್ರಿಯಿಡೀ ಇಡಬೇಕು. ಮೊದಲ ನಾಲ್ಕು ಸಲ ಎಣ್ಣೆಯೇ ಇಳಿಯಿತು. ಐದನೇ ಸಲ ಹರಳು ಬಂತು, ಇಇ ಮಾತ್ರ ಏರಲಿಲ್ಲ, ಏಕೆಂದರೆ ಹಾಕಿದ ಸೀಡ್ ಶುದ್ಧ ಇರಲಿಲ್ಲ. ಈಗ ಅರ್ಧ ಗ್ರಾಂ ಶುದ್ಧ ಸೀಡ್ ಬೇರೆಯೇ ಎತ್ತಿಟ್ಟಿದ್ದೇನೆ, ಮೊದಲ ಸಲ ಅದನ್ನು ಕೈರಲ್ ಕಾಲಮ್‌ನಿಂದಲೇ ಮಾಡಿಕೊಳ್ಳಬೇಕಾಯಿತು. ಈಥರ್ ಎಷ್ಟು, ಸೀಡ್ ಯಾವ ಟೆಂಪರೇಚರ್‌ನಲ್ಲಿ ಹಾಕಬೇಕು ಎಂಬುದು ನಾನು ಕಷ್ಟಪಟ್ಟು ಕಂಡುಕೊಂಡದ್ದು, ಅದು ಸದ್ಯಕ್ಕೆ ನನ್ನ ನೋಟ್‌ಬುಕ್‌ನಲ್ಲೇ ಇರಲಿ.

ಎರಡು ಕ್ರಾಪ್ ಸೇರಿ 35 ಗ್ರಾಂ. 70 ಇಇ ಇರುವ 62 ಗ್ರಾಂನಲ್ಲಿ ಹೆಚ್ಚೆಂದರೆ 43 ತೆಗೆಯಬಹುದು, ಉಳಿದದ್ದು ರೇಸಿಮಿಕ್ ಆಗಿ ಮದರ್ ಲಿಕ್ಕರ್‌ನಲ್ಲೇ ಉಳಿಯುತ್ತದೆ. ಹಾಗಾಗಿ 35 ನನಗೆ ತೃಪ್ತಿ. ರೊಟೇಷನ್ ಪ್ಲಸ್ 100ರ ಸುತ್ತ. ಕರಗುವ ಬಿಂದು 49–50 ಬಂತು, ಆದರೆ ಅದನ್ನು ಸಾಕ್ಷಿ ಎಂದು ಹಿಡಿಯಬೇಡಿ, ರೇಸಿಮಿಕ್ ಕೂಡ ಹೆಚ್ಚುಕಡಿಮೆ ಅಲ್ಲೇ ಕರಗುತ್ತದೆ.

ನಡುವೆ ಎಂವಿಕೆ ಬದಲು ಈಥೈಲ್ ವಿನೈಲ್ ಕೀಟೋನ್ ಹಾಕಿ ನೋಡಿದೆ. ಮೈಕಲ್ ಸರಾಗವಾಗಿ ಆಯಿತು, ಪ್ರೋಲಿನ್ ಮಾತ್ರ ಹತ್ತು ದಿನ ಬಿಟ್ಟರೂ ಅರ್ಧ ದಾಟಲಿಲ್ಲ. ತುದಿಯಲ್ಲಿ CH₃ ಜಾಗಕ್ಕೆ CH₂CH₃ ಬಂದರೆ ಪ್ರೋಲಿನ್‌ಗೆ ಆ ಕಡೆ ಈನಮೀನ್ ಮಾಡುವುದು ಕಷ್ಟ. ಬೇರೆ ಅಮೈನೋ ಆಸಿಡ್‌ಗಳನ್ನು ಆಸಿಡ್ ಜೊತೆ ಹಾಕಿ ನೋಡುತ್ತಿದ್ದೇನೆ, ಫಿನೈಲ್‌ಅಲನಿನ್ ಒಂದು ಸಣ್ಣ ವಯಲ್‌ನಲ್ಲಿ ತಿರುಗುತ್ತಿದೆ. ಮದರ್ ಲಿಕ್ಕರ್‌ನ 27 ಗ್ರಾಂ ಬೇರೆ ಇದೆಯಲ್ಲ, ಅದನ್ನು ಚೆಲ್ಲಿಲ್ಲ. ಮುಂದಿನ ಹೆಜ್ಜೆಗಳ ಟ್ರಯಲ್‌ಗೆ ಇಇ ಕಡಿಮೆ ಇದ್ದರೂ ನಡೆಯುತ್ತದೆ. ಸ್ಯಾಚುರೇಟೆಡ್ ಕೀಟೋನ್ ಒಂದನ್ನೇ ಕೀಟಾಲ್ ಮಾಡಿ ಮುಚ್ಚುವ ಹೆಜ್ಜೆಯನ್ನು ನಾಳೆಯಿಂದ ಅದರಲ್ಲೇ ಶುರು ಮಾಡುತ್ತೇನೆ.