ಹೋರಿ ಕೊಡಿಸುವ ದಿನ ಒದೆ, ಇರಿತ ತಪ್ಪಿಸಿಕೊಳ್ಳುವುದು ಹೇಗೆ?

ಬೆದೆಗೆ ಬಂದ ಆಕಳನ್ನು ಹೋರಿಗೆ ಕೊಡಿಸುವಾಗ ಎರಡು ಅಪಾಯ ಒಟ್ಟಿಗೇ ಎದುರಾಗುತ್ತವೆ. ಆಕಳು ನಿಂತಲ್ಲಿ ನಿಲ್ಲುವುದಿಲ್ಲ, ಹಿಂದೆ ಹೋದವರಿಗೆ ಒದೆ. ಹೋರಿಗೆ ಆಕಳ ವಾಸನೆ ಬಿಟ್ಟು ಬೇರೇನೂ ಬೇಡ, ನಡುವೆ ಬಂದವರಿಗೆ ಕೊಂಬು. ಹಗ್ಗ ಗಟ್ಟಿ ಇದ್ದರೆ ಸಾಕು ಅಂತ ಸುಮಾರು ಜನ ತಿಳಿದಿದ್ದಾರೆ. ಹಗ್ಗ ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ನಾವು ಎಲ್ಲಿ ನಿಂತಿದ್ದೇವೆ, ಅಲ್ಲಿಂದ ಹೊರಗೆ ಹೋಗಲು ದಾರಿ ಯಾವುದು ಅನ್ನೋದು.

ಜಗಳೂರು ಕಡೆಯ ಒಂದು ಹಳ್ಳಿಯ ಮನೆಯನ್ನೇ ತೆಗೆದುಕೊಳ್ಳೋಣ. ಬೀಜದ ಹೋರಿ ಸಾಕಿದ ಮನೆ ಅದು. ನಾಲ್ಕು ವರ್ಷದ ಹಳ್ಳಿಕಾರ್ ಹೋರಿ, ಕೊಂಬು ಚೂಪು. ಪಕ್ಕದ ಊರಿಂದ ಎರಡನೇ ಸೂಲಿನ ಆಕಳು ಬರುತ್ತದೆ. ಕೆಲಸಕ್ಕೆ ಮೂರು ಜನ ಬೇಕು. ಆಕಳಿಗೆ ಒಬ್ಬರು, ಹೋರಿಗೆ ಇಬ್ಬರು. ನೋಡಲು ಬಂದವರು, ಮಕ್ಕಳು, ನಾಯಿ ಎಲ್ಲಾ ಬೇಲಿಯಿಂದ ಆಚೆ.

ಮೊದಲು ಜಾಗ, ಆಮೇಲೆ ದನ

ಆಕಳು ಬರುವ ಮುಂಚೆಯೇ ಜಾಗ ನೋಡಿಕೊಳ್ಳಿ. ನೆಲ ಜಾರಬಾರದು. ಗಂಜಲ ಬಿದ್ದ ಸಿಮೆಂಟ್ ನೆಲಕ್ಕಿಂತ ಮಣ್ಣಿನ ನೆಲವೇ ವಾಸಿ. ಒಂದು ಗಟ್ಟಿ ಕಂಬ ಅಥವಾ ಮರ ಇರಬೇಕು. ಮುಖ್ಯವಾಗಿ, ಮನುಷ್ಯ ಓರೆಯಾಗಿ ನುಸುಳಿ ಹೊರಗೆ ಹೋಗುವಂಥ ಸಂದಿ ಬೇಕು. ಎರಡು ಕಂಬಗಳ ನಡುವೆ ಸುಮಾರು 14 ಅಂಗುಲ ಬಿಟ್ಟರೆ ನಾವು ದಾಟಬಹುದು, ಹೋರಿಯ ಮೈ ದಾಟುವುದಿಲ್ಲ. ಗೋಡೆಯ ಮೂಲೆಯಲ್ಲಿ ಹೋರಿ ಹಿಡಿಯುವ ಕೆಲಸ ಯಾವತ್ತೂ ಬೇಡ. ಕೊಂಬಿಲ್ಲದ ಹೋರಿ ಕೂಡ ಮೂಲೆಗೆ ಒತ್ತಿ ಹಣೆಯಿಂದಲೇ ಪಕ್ಕೆಲುಬು ಮುರಿಯಬಲ್ಲದು. ಕೊಂಬು ಸುಟ್ಟಿದ್ದೇವೆ, ಇನ್ನು ಹೆದರಿಕೆ ಇಲ್ಲ ಅನ್ನುವ ಧೈರ್ಯ ಎಚ್‌ಎಫ್, ಜರ್ಸಿ ಹೋರಿ ಸಾಕಿದವರಿಗೆ ಬರಲೇಬಾರದು.

ಹಗ್ಗವನ್ನು ಉದ್ದಕ್ಕೂ ಕೈಯಲ್ಲಿ ಎಳೆದು ನೋಡಿ. ಎಳೆ ಬಿಟ್ಟಿದ್ದರೆ ಬೇರೆ ತೆಗೆದುಕೊಳ್ಳಿ. ತೆಳು ನೈಲಾನ್ ಹಗ್ಗ ಅಂಗೈ ಸುಡುತ್ತದೆ, ಗಂಟು ಜಾರುತ್ತದೆ. ಹೆಬ್ಬೆರಳು ದಪ್ಪದ ನೂಲಿನ ಹಗ್ಗ ಹಿಡಿತಕ್ಕೆ ಒಳ್ಳೆಯದು. ದನ ಸಾಕಿದ ಹಿರಿಯರು ಹುಡುಗರಿಗೆ ಒಂದು ಮಾತು ಹೇಳುತ್ತಾರೆ: "ತಮ್ಮಾ, ಹಗ್ಗ ಕೈಗೆ ಸುತ್ಕೋಬ್ಯಾಡ." ಹೋರಿ ಒಮ್ಮೆ ಜಗ್ಗಿದರೆ ಸುತ್ತಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಬೆರಳು ಹೋಗಬಹುದು, ಇಲ್ಲವೇ ಹೋರಿ ಮನುಷ್ಯನನ್ನೇ ಹಿಂದೆ ಎಳೆದುಕೊಂಡು ಹೋಗಬಹುದು. ಉಳಿದ ಹಗ್ಗವನ್ನು ಮಡಿಸಿ ಅಂಗೈಯಲ್ಲಿ ಹಿಡಿಯಿರಿ. ಸೊಂಟಕ್ಕೂ ಕಟ್ಟಿಕೊಳ್ಳಬೇಡಿ.

ಆಕಳ ಹತ್ತಿರ ಹೋಗುವುದು

ದನಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಾಗಾಗಿ ಸುತ್ತಮುತ್ತ ಬಹುತೇಕ ಎಲ್ಲಾ ಕಾಣುತ್ತದೆ. ಬಾಲದ ನೇರಕ್ಕೆ ಹಿಂದಿನ ಜಾಗ ಮಾತ್ರ ಕಾಣುವುದಿಲ್ಲ. ಅಲ್ಲಿಂದ ಸದ್ದಿಲ್ಲದೆ ಹೋಗಿ ಮುಟ್ಟಿದರೆ ಅದು ಬೆಚ್ಚಿ ಒದೆಯುತ್ತದೆ. ಅದರಲ್ಲಿ ಆಕಳ ತಪ್ಪೇನೂ ಇಲ್ಲ. ಹೆಗಲಿನ ಕಡೆಯಿಂದ, ಮಾತಾಡಿಸುತ್ತಾ ಹೋಗಿ. ಮೊದಲು ಹೆಗಲ ಮೇಲೆ ಅಂಗೈ ಇಡಿ. ಕೈ ಎತ್ತದೆ ಬೆನ್ನ ಮೇಲೆ ಸವರುತ್ತಾ ಹಿಂದಕ್ಕೆ ಸರಿಯಿರಿ. ನೀವು ಎಲ್ಲಿದ್ದೀರಿ ಅಂತ ಆ ಕೈಯೇ ಅದಕ್ಕೆ ತಿಳಿಸುತ್ತಿರುತ್ತದೆ.

ಒದೆ ಹೇಗೆ ಬರುತ್ತದೆ ಅಂತ ತಿಳಿದಿರಬೇಕು. ಕುದುರೆ ಸಾಮಾನ್ಯವಾಗಿ ನೇರ ಹಿಂದಕ್ಕೆ ಒದೆಯುತ್ತದೆ. ಆಕಳು ಹಿಂದಕ್ಕೂ ಒದೆಯಬಲ್ಲದು, ಆದರೆ ಹೆಚ್ಚಾಗಿ ಹಿಂಗಾಲನ್ನು ಮೊದಲು ಮುಂದಕ್ಕೆ ತಂದು, ಪಕ್ಕಕ್ಕೆ ಬೀಸಿ, ಹಿಂದಕ್ಕೆ ಜಾಡಿಸುತ್ತದೆ. ಕುಡುಗೋಲು ಬೀಸಿದ ಹಾಗೆ. ಆದ್ದರಿಂದ ಪಕ್ಕದಲ್ಲಿ ನಿಂತರೆ ಒದೆ ತಾಗಲ್ಲ ಅನ್ನೋದು ತಪ್ಪು. ಕಾಲಿಗೆ ಪೂರ್ತಿ ಬೀಸು ಸಿಗುವುದು ಎರಡರಿಂದ ನಾಲ್ಕು ಅಡಿ ದೂರದಲ್ಲಿ. ಎಲ್ಲಕ್ಕಿಂತ ಕೆಟ್ಟ ಜಾಗ ಅದೇ, ಮತ್ತು ಹೆದರಿದವರು ನಿಲ್ಲುವುದೂ ಅಲ್ಲೇ. ಒಂದೋ ತೊಡೆಗೆ ನಿಮ್ಮ ಮೈ ತಾಗುವಷ್ಟು ಹತ್ತಿರ ನಿಲ್ಲಿ, ಇಲ್ಲವೇ ಏಳೆಂಟು ಅಡಿ ದೂರ ಹೋಗಿ. ಹತ್ತಿರ ಇದ್ದರೆ ಕಾಲು ಬೀಸುವ ಮೊದಲೇ ತೂಕ ಇನ್ನೊಂದು ಕಾಲಿಗೆ ಬದಲಾಗುವುದು ನಿಮ್ಮ ಮೈಗೇ ಗೊತ್ತಾಗುತ್ತದೆ. ಒದೆ ಬಿದ್ದರೂ ಅದು ಬರೀ ತಳ್ಳಿದಂತೆ ಆಗುತ್ತದೆ.

ಕಟ್ಟುವಾಗ ಕೊರಳಿಗೆ ಜಾರುಗಂಟು ಬೇಡವೇ ಬೇಡ. ಆಕಳು ಹಿಂದಕ್ಕೆ ಜಗ್ಗಿದರೆ ಅಥವಾ ಕುಸಿದರೆ ಉಸಿರು ಕಟ್ಟುತ್ತದೆ. ಕೊರಳಲ್ಲಿ ಬಿಗಿಯಾಗದ ಗಂಟು ಇರಲಿ, ಕಂಬದಲ್ಲಿ ಎಳೆದರೆ ಬಿಚ್ಚುವ ಗಂಟು ಇರಲಿ. ಹೀಗೆ ಮಾಡಿ: ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ತನ್ನಿ. ಗಂಟು ಹಾಕುವಾಗ ಹಗ್ಗದ ತುದಿಯನ್ನು ತೂರಿಸಬೇಡಿ, ಹಗ್ಗವನ್ನು ಮಡಿಸಿ ಆ ಮಡಿಕೆಯನ್ನು ತೂರಿಸಿ ಬಿಗಿ ಮಾಡಿ. ತುದಿ ಹೊರಗೆ ನೇತಾಡುತ್ತಿರುತ್ತದೆ. ಅದನ್ನು ಎಳೆದರೆ ಗಂಟು ಪೂರ್ತಿ ಬಿಚ್ಚುತ್ತದೆ. ಮನೆಯಲ್ಲಿ ಖಾಲಿ ಕಂಬಕ್ಕೆ ಕಟ್ಟಿ, ಆಕಳು ಜಗ್ಗುವಂತೆ ನೀವೇ ಜಗ್ಗಿ ನೋಡಿ. ಆಮೇಲೆ ತುದಿ ಎಳೆದು ನೋಡಿ. ಹಗ್ಗವನ್ನು ಗಿಡ್ಡವಾಗಿ, ಆಕಳ ಹೆಗಲಿನ ಎತ್ತರಕ್ಕೆ ಕಟ್ಟಬೇಕು. ತಲೆಯಿಂದ ಕಂಬಕ್ಕೆ ಒಂದೂವರೆ ಅಡಿ ಸಾಕು. ನೆಲದ ಗೂಟಕ್ಕೆ ಉದ್ದ ಬಿಟ್ಟು ಕಟ್ಟಿದರೆ ಆಕಳು ಸುತ್ತು ತಿರುಗುತ್ತದೆ, ಮುಂಗಾಲು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಒದೆಯುವ ಆಕಳ ಹಾಲು ಕರೆಯುವಾಗ ಹಿಂಗಾಲು ಎರಡನ್ನೂ ಮಂಡಿಕೀಲಿನ ಮೇಲೆ ಎಂಟರ ಆಕಾರದಲ್ಲಿ ಮೆತ್ತನೆ ಹಗ್ಗದಿಂದ ಕಟ್ಟುವುದು ರೂಢಿ. ಕರೆಯುವುದಕ್ಕೆ, ಕೆಚ್ಚಲ ಗಾಯಕ್ಕೆ ಔಷಧಿ ಹಚ್ಚುವುದಕ್ಕೆ ಅದು ಸರಿ. ಮೊದಲು ತಲೆ ಕಟ್ಟಿ, ಆಮೇಲೆ ಕಾಲು ಕಟ್ಟಬೇಕು. ಬಿಚ್ಚುವಾಗ ಮೊದಲು ಕಾಲು, ಆಮೇಲೆ ತಲೆ. ಆದರೆ ಹೋರಿ ಕೊಡಿಸುವಾಗ ಕಾಲು ಕಟ್ಟಬೇಡಿ. ಹೋರಿಯ ಭಾರ ಮೈಮೇಲೆ ಬಿದ್ದಾಗ ಆಕಳು ಕಾಲು ಅಗಲಿಸಿ ನಿಲ್ಲಬೇಕು. ಕಟ್ಟಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ, ಪಕ್ಕದಲ್ಲಿದ್ದವರ ಮೇಲೆಯೇ ಬೀಳಬಹುದು.

ಆಕಳ ಹಿಂಭಾಗ ನೋಡಬೇಕಾದರೆ, ಬೆದೆ ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ, ಬಾಲ ಎತ್ತುವ ಉಪಾಯ ಇದೆ. ತೊಡೆಗೆ ಒತ್ತಿಕೊಂಡು ಪಕ್ಕದಲ್ಲೇ ನಿಂತು, ಬಾಲದ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನಿನ ನೇರಕ್ಕೆ ನಿಧಾನ ಮೇಲೆತ್ತಿ. ಅಷ್ಟು ಹೊತ್ತು ಒದೆಯುವುದು ಕಡಿಮೆ ಆಗುತ್ತದೆ. ಬಾಲದ ನಡು ಹಿಡಿದರೆ ಅಥವಾ ತಿರುಚಿದರೆ ಮೂಳೆ ಮುರಿಯಬಹುದು. ಬೆದೆ ಮುಗಿದ ಆಕಳು ಹೋರಿಗೆ ನಿಲ್ಲುವುದಿಲ್ಲ, ಅದನ್ನು ಬಲವಂತ ಮಾಡಲು ಹೋದಾಗಲೇ ಗಲಾಟೆ ಶುರು. ಬೆದೆ ಮುಗಿದಿದೆ ಅಂತ ಕಂಡರೆ ಹೋರಿಯನ್ನು ಬಿಚ್ಚಲೇಬೇಡಿ.

ಈಗ ಹೋರಿ

ನಮ್ಮ ಕಡೆ ಹೋರಿಗೆ ಮೂಗುದಾರ ಇರುತ್ತದೆ. ಕೆಲವರು ಲೋಹದ ಬಳೆ ಹಾಕಿಸುತ್ತಾರೆ. ಎರಡರಲ್ಲೂ ನಿಯಮ ಒಂದೇ: ಅದು ನಡೆಸುವುದಕ್ಕೆ, ಕಟ್ಟುವುದಕ್ಕಲ್ಲ. ಹೋರಿಯನ್ನು ಕಂಬಕ್ಕೆ ಕಟ್ಟುವುದು ಕೊರಳ ಹಗ್ಗದಿಂದ. ಮೂಗುದಾರವನ್ನು ಗೂಟಕ್ಕೆ ಬಿಗಿದು ಬಿಟ್ಟರೆ ಒಮ್ಮೆ ಬೆದರಿ ಜಗ್ಗಿದಾಗ ಮೂಗು ಹರಿಯುತ್ತದೆ. ಆಮೇಲೆ ಆ ಹೋರಿಯನ್ನು ಹಿಡಿಯಲು ಏನೂ ಉಳಿಯುವುದಿಲ್ಲ.

ಕೊರಳಿಗೆ ಎರಡು ಹಗ್ಗ, ಒಂದೊಂದು ಹತ್ತು ಹನ್ನೆರಡು ಅಡಿ. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು, ಇಬ್ಬರೂ ಹೆಗಲಿನ ನೇರಕ್ಕೆ. ಮೂಗುದಾರ ಇಬ್ಬರಲ್ಲಿ ಅನುಭವಸ್ಥರ ಕೈಯಲ್ಲಿ. ಹೋರಿ ಒಬ್ಬರ ಕಡೆ ತಿರುಗಿದರೆ ಇನ್ನೊಬ್ಬರು ಹಗ್ಗ ಬಿಗಿ ಮಾಡಿ ತಡೆಯುತ್ತಾರೆ. ತಲೆಯ ಮುಂದೆ ನಡೆಯುವುದು, ಬೆನ್ನು ತೋರಿಸಿ ಎಳೆದುಕೊಂಡು ಹೋಗುವುದು ಎರಡೂ ತಪ್ಪು. ಮೂಗಿನ ಬಳೆ ಇದ್ದರೆ ಕೊಕ್ಕೆ ಇರುವ ಐದಾರು ಅಡಿಯ ಗಟ್ಟಿ ಬಿದಿರು ಕೋಲು ಇನ್ನೂ ಒಳ್ಳೆಯದು. ಹಗ್ಗ ಎಳೆಯಲು ಮಾತ್ರ ಬರುತ್ತದೆ. ಕೋಲು ಹೋರಿಯನ್ನು ದೂರವೂ ಇಡುತ್ತದೆ.

ಹೋರಿ ಹಾಯುವ ಮುಂಚೆ ಬಹಳ ಸಲ ತಿಳಿಸುತ್ತದೆ. ಮೊದಲು ನಿಮಗೆ ಅಡ್ಡ ತಿರುಗಿ ತನ್ನ ಪೂರ್ತಿ ಮೈ ತೋರಿಸುತ್ತದೆ. ಬೆನ್ನು ಬಾಗಿ ಏರುತ್ತದೆ, ಕಣ್ಣು ದಪ್ಪ ಆಗುತ್ತವೆ, ತಲೆ ಕೆಳಗಾಗುತ್ತದೆ. ಆಮೇಲೆ ಮುಂಗಾಲಲ್ಲಿ ಮಣ್ಣು ಕೆದರುವುದು, ತಲೆ ಅಲ್ಲಾಡಿಸುವುದು. ಅಡ್ಡ ನಿಂತಾಗಲೇ ಕೆಲಸ ನಿಲ್ಲಿಸಬೇಕು, ಕೆದರುವವರೆಗೆ ಕಾಯಬಾರದು. ಓಡಬೇಡಿ. ಕಣ್ಣು ಹೋರಿಯ ಮೇಲೇ ಇಟ್ಟು, ಒಂದೊಂದೇ ಹೆಜ್ಜೆ ಓರೆಯಾಗಿ ಹಿಂದೆ ಸರಿದು ಮೊದಲು ನೋಡಿಟ್ಟ ಸಂದಿಗೆ ಹೋಗಿ. ಕೆಂಪು ಬಟ್ಟೆಗೆ ಹೋರಿ ಕೆರಳುತ್ತದೆ ಅನ್ನೋದು ಸುಳ್ಳು. ದನಕ್ಕೆ ಕೆಂಪು ನಮಗೆ ಕಂಡಂತೆ ಕಾಣುವುದಿಲ್ಲ. ಹಾರಾಡುವ ಟವೆಲ್, ಓಡುವ ಕಾಲು ಅದನ್ನು ಕೆರಳಿಸುತ್ತವೆ.

ಜಗಳೂರಿನ ಆ ಮನೆಗೆ ಬರೋಣ. ಆಕಳು ಆಗಲೇ ಕಂಬಕ್ಕೆ ಗಿಡ್ಡವಾಗಿ ಕಟ್ಟಿದೆ. ಅದರ ಯಜಮಾನ ಕಂಬದ ಆಚೆ, ಆಕಳ ತಲೆಯ ಬಳಿ, ಹಗ್ಗದ ತುದಿಯ ಹತ್ತಿರ ನಿಂತಿದ್ದಾನೆ. ಆಕಳಿಗೂ ಹೋರಿಗೂ ನಡುವೆ ಯಾರೂ ಇಲ್ಲ. ಈಗ ಹೋರಿಯನ್ನು ಹಿಂದಿನಿಂದ ತರುತ್ತಾರೆ. ಅದು ಮೂಸಿ ನೋಡಲಿ, ಅವಸರ ಮಾಡಬಾರದು. ಹೋರಿ ಏರುವ ಕ್ಷಣಕ್ಕೆ ಎರಡೂ ಹಗ್ಗ ಸಡಿಲ ಬಿಟ್ಟು ಇಬ್ಬರೂ ಪಕ್ಕಕ್ಕೆ ಸರಿಯುತ್ತಾರೆ. ಆಗ ಬಿಗಿ ಹಿಡಿದರೆ ಹೋರಿ ಹಿಂದಕ್ಕೆ ಉರುಳಬಹುದು. ಇಳಿಯುವುದೂ ತಾನಾಗೇ ಇಳಿಯಬೇಕು, ಎಳೆದು ಇಳಿಸಬಾರದು.

ಇಳಿದ ಮೇಲೆ "ಆಯ್ತಪ್ಪ" ಅಂತ ಎಲ್ಲರೂ ಹತ್ತಿರ ಬರುತ್ತಾರೆ. ಆಕಳ ಯಜಮಾನ ಹಗ್ಗ ಬಿಚ್ಚಲು ಬಗ್ಗುತ್ತಾನೆ. ನಾನು ಕೈಮುಗಿದು ಕೇಳಿಕೊಳ್ಳುವುದು ಈ ಕ್ಷಣದ ಬಗ್ಗೆ. ಹೋರಿಗೆ ಕೆಲಸ ಮುಗಿದಿಲ್ಲ, ಅದು ಮತ್ತೆ ಏರಲು ನೋಡುತ್ತಿರುತ್ತದೆ. ನಡುವೆ ಬಗ್ಗಿದ ಮನುಷ್ಯ ಅದಕ್ಕೆ ಬರೀ ಅಡ್ಡಿ. ಮೊದಲು ಹೋರಿಯನ್ನು ಅದರ ಗೋದಲಿಗೆ ಒಯ್ದು ಕೊರಳ ಹಗ್ಗ ಕಟ್ಟಿ, ಮೇವು ಹಾಕಿ. ಅದು ಕಟ್ಟಿದೆ ಅಂತ ಕೂಗಿ ಹೇಳಿದ ಮೇಲೆ ಆಕಳನ್ನು ಬಿಚ್ಚಿ, ಬೇರೆ ದಾರಿಯಲ್ಲಿ ಹೊರಡಿಸಿ.

ಹೋರಿ ಹಿಡಿಯಲು ಎರಡನೆಯವರು ಸಿಗದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದರೆ ಹೋರಿಯ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಮನೆಯ ಹೋರಿಗರುವಿನ ಹಣೆಗೆ ಹಣೆ ಒತ್ತಿ ಆಡುವ ಮಕ್ಕಳನ್ನೂ ಇವತ್ತೇ ತಡೆಯಿರಿ. ಆ ಕರು ಎರಡು ವರ್ಷದ ಹೋರಿ ಆದಾಗಲೂ ಅದೇ ಆಟ ಆಡಲು ಬರುತ್ತದೆ.

ಇಷ್ಟಾದರೂ ಹೋರಿ ಕೆಡವಿಬಿಟ್ಟರೆ ಎದ್ದು ನಿಲ್ಲಲು ಹೋಗದೆ ಬೇಲಿ ಅಥವಾ ಗಾಡಿಯ ಕೆಳಕ್ಕೆ ಉರುಳಿಕೊಳ್ಳಿ. ಕೊಂಬು ಹೊಟ್ಟೆಗೆ ಹೊಕ್ಕಿ ಕರುಳು ಹೊರಬಂದರೆ ಒಳಗೆ ತಳ್ಳಬಾರದು. ಶುದ್ಧವಾದ ಒದ್ದೆ ಬಟ್ಟೆ ಮುಚ್ಚಿ, ಮಲಗಿಸಿ, 108ಕ್ಕೆ ಫೋನ್ ಮಾಡಿ. ಕುಡಿಯಲು ಏನೂ ಕೊಡಬೇಡಿ. ಹೊಟ್ಟೆಗೋ ಎದೆಗೋ ಒದೆ ಬಿದ್ದು ಹೊರಗೆ ಗಾಯ ಕಾಣದಿದ್ದರೂ ನೋವು ಜಾಸ್ತಿ ಆಗುತ್ತಿದ್ದರೆ, ತಲೆ ತಿರುಗಿದರೆ, ಮೈ ಬೆವರಿದರೆ ಒಳಗೆ ರಕ್ತ ಹೋಗುತ್ತಿರಬಹುದು. ಆಗ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಕೊಂಬಿನ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳ ಇರಬಹುದು, ಟೆಟನಸ್ ಚುಚ್ಚುಮದ್ದು ಬೇಕೋ ಅಂತ ಅವತ್ತೇ ವೈದ್ಯರನ್ನು ಕೇಳಿ.