‘ರಾಗಿ ತಂದಿರ್ಯಾ’: ಒಂದು ದಾಸರ ಪದದ ಅರ್ಥ ಬಿಡಿಸುವ ಬಗೆ

ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ರಾಗಿ ಒಕ್ಕಣೆ ಮುಗಿದ ದಿನಗಳಲ್ಲಿ ಭಜನೆಯವರು ಪುರಂದರದಾಸರ ‘ರಾಗಿ ತಂದಿರ್ಯಾ ಭಿಕ್ಷಕೆ’ ಪದವನ್ನು ಹಾಡುವಾಗ, ಅದು ಕಣದ ರಾಗಿಯ ಹಾಡೆಂದೇ ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಆ ನಂಬಿಕೆ ಪೂರ್ತಿ ತಪ್ಪೇನಲ್ಲ. ಅರ್ಥ ಬಿಡಿಸುವುದನ್ನು ಅಲ್ಲಿಂದಲೇ ಆರಂಭಿಸಬೇಕು.

ಮೊದಲು ಪಲ್ಲವಿಯನ್ನು ಇದ್ದಂತೆಯೇ ಕೇಳಿ. ಮನೆ ಬಾಗಿಲಲ್ಲಿ ನಿಂತ ದಾಸರು ಧಾನ್ಯದ ಭಿಕ್ಷೆ ಬೇಡುತ್ತಿದ್ದಾರೆ. ಬೇಡುವವರು ಅವರು, ಕೊಡಬೇಕಾದವರು ನಾವು. ಈ ಚಿತ್ರ ಮನಸ್ಸಿನಲ್ಲಿ ನಿಲ್ಲದಿದ್ದರೆ ಮುಂದಿನ ತಿರುವು ಕಾಣುವುದಿಲ್ಲ.

ಬಳಿಕ ‘ಯೋಗ್ಯರಾಗಿ ಭೋಗ್ಯರಾಗಿ ಭಾಗ್ಯವಂತರಾಗಿ ನೀವು’ ಎಂಬ ಸಾಲನ್ನು ನಿಧಾನವಾಗಿ ಬಾಯಿಬಿಟ್ಟು ಹೇಳಿ, ಪದಗಳನ್ನು ಎರಡು ಬಗೆಯಲ್ಲಿ ಒಡೆದು ನೋಡಿ. ‘ಯೋಗ್ಯ ರಾಗಿ’, ‘ಭೋಗ್ಯ ರಾಗಿ’ ಎಂದು ಒಡೆದರೆ ಒಳ್ಳೆಯ, ಉಣ್ಣಲು ತಕ್ಕ ರಾಗಿ ಎಂದಾಗುತ್ತದೆ. ಆದರೆ ‘ಭಾಗ್ಯವಂತ’ ಎಂಬ ಮಾತು ಕಾಳಿಗೆ ಒಗ್ಗುವುದಿಲ್ಲ, ‘ನೀವು’ ಎಂಬುದಂತೂ ನೇರವಾಗಿ ಮನುಷ್ಯರನ್ನೇ ಕರೆಯುತ್ತದೆ. ಅಲ್ಲಿ ಎಡವಿದ ಕಿವಿ ಹಿಂದಿರುಗಿ ‘ಯೋಗ್ಯರು + ಆಗಿ’ ಎಂಬ ಲೋಪಸಂಧಿಯನ್ನು ಗುರುತಿಸುತ್ತದೆ.

ಹೆಚ್ಚಿನ ವಿವರಣೆಗಳು ಇಷ್ಟಕ್ಕೇ ನಿಲ್ಲುತ್ತವೆ; ನನಗೆ ಮುಖ್ಯವೆನಿಸುವುದು ಇದರ ಮುಂದಿನ ಹೆಜ್ಜೆ. ಕನ್ನಡದ ‘ಆಗಿ’ಗೆ ಇಲ್ಲಿ ಎರಡು ಮುಖಗಳಿವೆ. ‘ಯೋಗ್ಯರಾಗಿದ್ದುಕೊಂಡು ಭಿಕ್ಷೆ ತಂದಿರಾ?’ ಎಂಬ ಪ್ರಶ್ನೆ ಒಂದು; ‘ನೀವು ಯೋಗ್ಯರಾಗಿರಿ’ ಎಂಬ ಹಾರೈಕೆ ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದಾಗ, ಬೇಡಲು ಬಂದವರೇ ಹರಸಿ ಕೊಡುವವರಾಗುತ್ತಾರೆ. ಅವರು ಕೇಳುವ ಭಿಕ್ಷೆ ಮೊರದ ಕಾಳಷ್ಟೇ ಅಲ್ಲ, ಕೊಡುವವರ ನಡತೆ ಕೂಡ.

ಈ ಓದು ಸರಿಯೇ ಎಂದು ಚರಣಗಳಲ್ಲಿ ಪರೀಕ್ಷಿಸಬೇಕು. ಹಾಡುವವರಿಂದ ಹಾಡುವವರಿಗೆ ಚರಣಗಳ ಪಾಠವೂ ಕ್ರಮವೂ ಬದಲಾಗಬಹುದಾದರೂ, ‘ಅನ್ನದಾನವ ಮಾಡುವರಾಗಿ’ ಎಂಬಂತೆ ಸಾಲುಗಳು ಅದೇ ‘ರಾಗಿ’ಯಲ್ಲಿ ಮುಗಿಯುತ್ತ ಹೋಗುತ್ತವೆ. ಹೀಗೆ ಮರಳಿ ಮರಳಿ ಬರುವ ಪದವೇ ಸಂಕೇತದ ಭಾರ ಹೊತ್ತಿರುತ್ತದೆ. ಚರಣಗಳಲ್ಲಿ ಸುಳಿಯದ ಜೋಳಿಗೆಯನ್ನು ದೇಹವೆಂದೂ ಬಾಗಿಲನ್ನು ಇಂದ್ರಿಯವೆಂದೂ ವಿವರಿಸಲು ಹೊರಟರೆ, ಅದು ಪದದ ಅರ್ಥವಾಗದೆ ನಮ್ಮ ಕಲ್ಪನೆಯಾಗುತ್ತದೆ.

ಈ ಉಪಾಯವನ್ನು ಎಲ್ಲ ಪದಗಳಿಗೂ ಹಚ್ಚಲಾಗದು. ಅವರದೇ ‘ಕಲ್ಲುಸಕ್ಕರೆ ಕೊಳ್ಳಿರೊ’ ಪದದಲ್ಲಿ ಸಕ್ಕರೆಯೆಂದರೆ ಹರಿನಾಮವೆಂಬುದು ಹಾಡಿನಲ್ಲೇ ತಿಳಿಯುತ್ತದೆ. ಅಲ್ಲಿ ಸಂಧಿ ಬಿಡಿಸುವ ಬದಲು, ಹೇರು, ಗೋಣಿ, ಸುಂಕಗಳಂಥ ವ್ಯಾಪಾರದ ವಿವರಗಳು ಈ ಸರಕಿಗೆ ಏಕೆ ಬೇಡವೆಂಬುದನ್ನು ಒಂದೊಂದಾಗಿ ನೋಡಬೇಕು.

ಕೊನೆಗೆ ಅಂಕಿತ. ‘ಪುರಂದರ ವಿಠಲ’ ಎಂಬುದನ್ನು ಬರಿಯ ಸಹಿಯೆಂದು ದಾಟಿಬಿಡದೆ, ಅದಕ್ಕೆ ಹತ್ತಿದ ವಿಭಕ್ತಿಯನ್ನೂ ಗಮನಿಸಿ. ಇಲ್ಲಿ ಅದು ‘ವಿಠಲನ’ ಎಂದು ಬಂದು, ‘ಸೇವಿಪರಾಗಿ’ ಎಂಬುದರೊಡನೆ ಕೂಡಿಕೊಳ್ಳುತ್ತದೆ. ದಾಸರು ಕೇಳಿದ ರಾಗಿ ಯಾರಿಗೆ ಸಲ್ಲಬೇಕೆಂಬುದು ಆ ಒಂದು ‘ನ’ಕಾರದಿಂದ ತಿಳಿಯುತ್ತದೆ.